ಅಪ್‌ಡೇಟ್: ‘Cannot Reproduce’ ಅಂತ ವಾಪಸ್ ಬಂದ ಬಗ್

ನನ್ನ ಪ್ರಶ್ನೆ: ಹುಬ್ಬಳ್ಳಿಯಲ್ಲಿ ಕ್ಯೂಎ ಇಂಟರ್ನ್ ಆಗಿದ್ದೇನೆ. ಫೋನ್ ನಂಬರ್ ಹಾಕಿದರೆ ಒಟಿಪಿ ಬರುತ್ತಿಲ್ಲ ಎಂಬ ಬಗ್ ಡೆವಲಪರ್ ಹತ್ತಿರ ಕಾಣಿಸುತ್ತಿಲ್ಲ. ರಿಪೋರ್ಟ್ ಹೇಗೆ ಬರೆಯಲಿ?

ಅಪ್‌ಡೇಟ್: ಕಾರಣ ಸಿಕ್ಕಿತು! ನಮ್ಮ ಸೀನಿಯರ್ ಅಕ್ಕ ಒಂದೇ ಮಾತು ಕೇಳಿದರು: ‘ನಂಬರ್ ಟೈಪ್ ಮಾಡಿದೆಯಾ, ಪೇಸ್ಟ್ ಮಾಡಿದೆಯಾ?’ ಡೆವಲಪರ್ ಟೈಪ್ ಮಾಡುತ್ತಿದ್ದರು. ನಾನು ಕಾಂಟ್ಯಾಕ್ಟ್ಸ್‌ನಿಂದ ಕಾಪಿ ಮಾಡುತ್ತಿದ್ದೆ, ಅದರಲ್ಲಿ ಮುಂದೆ +91 ಇರುತ್ತದೆ. ಆ ಬಾಕ್ಸ್‌ಗೆ `maxlength="10"` ಇದೆ. ಹಾಗಾಗಿ `+919999900000` ಪೇಸ್ಟ್ ಮಾಡಿದರೆ `+919999900` ಮಾತ್ರ ಉಳಿಯುತ್ತದೆ. ಕೊನೆಯ ಮೂರು ಅಂಕಿ ಹೋಯಿತು, ಎರರ್ ಕೂಡ ಇಲ್ಲ.

ಈಗ ರಿಪೋರ್ಟ್ ಹೀಗಿದೆ:

ಶೀರ್ಷಿಕೆ: +91 ಇರುವ ನಂಬರ್ ಪೇಸ್ಟ್ ಮಾಡಿದರೆ ಕೊನೆಯ ಅಂಕಿಗಳು ಕತ್ತರಿಸಿ ಹೋಗುತ್ತವೆ, ಒಟಿಪಿ ಬರುವುದಿಲ್ಲ.
ಹಂತ: ಲಾಗಿನ್ ತೆರೆಯಿರಿ. `+919999900000` ಪೇಸ್ಟ್ ಮಾಡಿ. ‘ಒಟಿಪಿ ಕಳಿಸಿ’ ಒತ್ತಿ.
ಆಗಬೇಕಾದದ್ದು: +91 ತೆಗೆದು ಹತ್ತು ಅಂಕಿ ಉಳಿಯಬೇಕು.
ಆಗುತ್ತಿರುವುದು: `+919999900` ಉಳಿಯುತ್ತದೆ, ಒಟಿಪಿ ಇಲ್ಲ.

ಜೊತೆಗೆ ಬ್ರೌಸರ್ ವರ್ಶನ್, ಬಿಲ್ಡ್ ನಂಬರ್, ಸ್ಕ್ರೀನ್‌ಶಾಟ್. ‘ಟೈಪ್ ಮಾಡಿದರೆ ಸರಿಯಾಗಿ ಬರುತ್ತದೆ’ ಅಂತಲೂ ಸೇರಿಸಿದೆ. ನನ್ನ ಪ್ರಕಾರ ಡೆವಲಪರ್‌ಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಆ ಸಾಲೇ. ಬಗ್ ಯಾವಾಗ ಕಾಣಿಸುವುದಿಲ್ಲ ಅಂತ ಗೊತ್ತಾದರೆ ಹುಡುಕುವ ಜಾಗ ಚಿಕ್ಕದಾಗುತ್ತದೆ, ಅಲ್ವಾ?

ಟೆಸ್ಟ್ ಕೇಸ್‌ಗಳಲ್ಲಿ ಮೊದಲು 9, 10, 11 ಅಂಕಿ ಟೈಪ್ ಮಾಡುವುದಷ್ಟೇ ಇತ್ತು. ಈಗ ಪೇಸ್ಟ್ ಬೇರೆ ಕೇಸ್: ಮುಂದೆ +91, ಮುಂದೆ 0, ನಡುವೆ ಸ್ಪೇಸ್. ಪ್ರತಿಯೊಂದಕ್ಕೂ ಬಾಕ್ಸ್‌ನಲ್ಲಿ ಕೊನೆಗೆ ಏನು ಉಳಿಯಬೇಕು ಅಂತ ಬರೆದಿದ್ದೇನೆ. ಬಗ್ ಮತ್ತೆ ಓಪನ್ ಆಗಿದೆ, ಫಿಕ್ಸ್ ಮುಂದಿನ ಬಿಲ್ಡ್‌ನಲ್ಲಿ ಬರುತ್ತದೆ.