ಹೊರಗಿಂದ ದುಡ್ಡು ಹಾಕಬೇಡ ವೀಣಾ

ವೀಣಾ: "ದೊಡ್ಡಮ್ಮ, ಈಬೇನಲ್ಲಿ ಮಾರಿದ ಕ್ಯಾಮೆರಾ ಲೆನ್ಸ್ ತಗೊಂಡವನು ಒಳಗೆ ಫಂಗಸ್ ಇದೆ ಅಂತಿದಾನೆ. ಲೆನ್ಸ್ ನಾನೇ ಇಟ್ಕೋತೀನಿ, ಅರ್ಧ ದುಡ್ಡು ನನ್ನ ಬ್ಯಾಂಕಿಗೆ ಹಾಕು, ಇಲ್ಲಾಂದ್ರೆ ಕೆಟ್ಟ ಫೀಡ್‌ಬ್ಯಾಕ್ ಬರೀತೀನಿ ಅಂತ ಮೆಸೇಜ್ ಮಾಡಿದಾನೆ. ಕೊಟ್ಟು ಮುಗಿಸಿಬಿಡಲಾ? ರೇಟಿಂಗ್ ಹಾಳಾಗುತ್ತೇನೋ ಅಂತ ಭಯ."

ವೀಣಾ, ಕೇಳಿಸ್ಕೋ. ಬ್ಯಾಂಕಿಗೆ ಹಾಕಬೇಡ. ಅರ್ಧವೂ ಬೇಡ, ಕಾಲು ಭಾಗವೂ ಬೇಡ, ಹೊರಗಿಂದ ಒಂದು ಪೈಸೆಯೂ ಹೋಗಬಾರದು. ಈ ಮೆಸೇಜ್ ಪೂರ್ತಿ ಕೇಳೋವರೆಗೂ ಅವನಿಗೆ ಏನೂ ಉತ್ತರ ಬರೀಬೇಡ.

ನಮ್ಮ ಶೇಖರನ ಟರ್ನ್‌ಟೇಬಲ್ ವಿಷಯ ನಿಮಗೆಲ್ಲ ಗೊತ್ತು, ಆದ್ರೆ ಪೂರ್ತಿ ಗೊತ್ತಿರೋದು ನನಗೂ ಅವನಿಗೂ ಮಾತ್ರ. ತಗೊಂಡವರು ಒಂದು ಕಡೆ ಸ್ಪೀಕರಲ್ಲಿ ಶಬ್ದ ಬರ್ತಿಲ್ಲ ಅಂದ್ರು. ವಾಪಸ್ ಕಳಿಸೋದು ಕಷ್ಟ, 40 ಪರ್ಸೆಂಟ್ ಬ್ಯಾಂಕಿಗೆ ಹಾಕಿ, ನಾನೇ ರಿಪೇರಿ ಮಾಡಿಸ್ಕೋತೀನಿ ಅಂತ ತುಂಬಾ ನಯವಾಗಿ ಕೇಳಿದ್ರು. ಶೇಖರ ಒಳ್ಳೆ ಮನಸ್ಸಿನವನು, ಹಾಕಿಬಿಟ್ಟ. ಆಮೇಲೆ ಅದೇ ಜನ ಸೈಟಿನ ಒಳಗೆ, ವಿವರಣೆಯಲ್ಲಿ ಹೇಳಿದ ಹಾಗಿಲ್ಲ ಅಂತ ರಿಟರ್ನ್ ರಿಕ್ವೆಸ್ಟ್ ಹಾಕಿದ್ರು. ದುಡ್ಡು ಆಗಲೇ ಕೊಟ್ಟಾಗಿದೆಯಲ್ಲ, ಏನೋ ತಪ್ಪಾಗಿ ಬಂದಿರಬೇಕು ಅಂದ್ಕೊಂಡು ಶೇಖರ ಸುಮ್ಮನಾದ. ಅಲ್ಲೇ ಅವನು ಸಿಕ್ಕಿಹಾಕಿಕೊಂಡಿದ್ದು. ರಿಕ್ವೆಸ್ಟ್ ಬಂದ ಮೇಲೆ ಮಾರಿದವರು 3 ಕೆಲಸದ ದಿನದೊಳಗೆ ಅದರಲ್ಲೇ ಉತ್ತರ ಕೊಡಬೇಕು. ಕೊಡದಿದ್ರೆ, ನೀವೇ ಮಧ್ಯೆ ಬನ್ನಿ ಅಂತ ತಗೊಂಡವರು ಈಬೇನ ಕರೀಬಹುದು. ಇವರೂ ಕರೆದ್ರು. ಸೈಟಿನವರು ತೀರ್ಮಾನ ಮಾಡೋದು ಅವರ ದಾಖಲೆ ನೋಡಿ. ಆ ದಾಖಲೆಯಲ್ಲಿ ಶೇಖರನ ಉತ್ತರ ಇಲ್ಲ, ಬ್ಯಾಂಕಿಗೆ ಹಾಕಿದ 40 ಪರ್ಸೆಂಟಿನ ಗುರುತೂ ಇಲ್ಲ. ಪೂರ್ತಿ ದುಡ್ಡು ತಗೊಂಡವರಿಗೆ ಹೋಯ್ತು, ಅದನ್ನ ಶೇಖರನ ಖಾತೆಯಿಂದ ಕಿತ್ಕೊಂಡ್ರು. 100 ಬೆಲೆಯ ಸಾಮಾನಿಗೆ ಅವನ ಕೈಯಿಂದ 140 ಹೋಯ್ತು, ಟರ್ನ್‌ಟೇಬಲ್ಲೂ ವಾಪಸ್ ಬರಲಿಲ್ಲ.

ದುಡ್ಡು ಹೋಗಿದ್ದು ಒಂದು ಕಡೆ ಇರಲಿ. ನೀನು ರೇಟಿಂಗಿಗೆ ಹೆದರಿದೀಯಲ್ಲ, ಅದನ್ನ ಅರ್ಥ ಮಾಡ್ಕೋ. ಯಾರೋ ರಿಟರ್ನ್ ಕೇಳಿದ ಮಾತ್ರಕ್ಕೆ, ನೀನು ರಿಫಂಡ್ ಕೊಟ್ಟ ಮಾತ್ರಕ್ಕೆ ನಿನ್ನ ಸೆಲ್ಲರ್ ಲೆವೆಲ್, ಅಂದ್ರೆ ಮಾರೋರಿಗೆ ಈಬೇ ಕೊಡೋ ದರ್ಜೆ, ಇಳಿಯಲ್ಲ. ನೀನು ಬಗೆಹರಿಸದೆ, ಸೈಟಿನವರೇ ಮಧ್ಯೆ ಬಂದು ನಿನ್ನ ವಿರುದ್ಧ ಮುಗಿಸಿದ ಕೇಸ್ ಇರುತ್ತಲ್ಲ, ಇಳಿಸೋದು ಅದು. ಅಂಥದ್ದು ಒಟ್ಟು ವ್ಯಾಪಾರದ 0.3 ಪರ್ಸೆಂಟ್ ದಾಟಬಾರದು. ನಮ್ಮಂಥ ಸಣ್ಣವರಿಗೆ ಲೆಕ್ಕ ಹಿಡಿಯೋದು ಹಿಂದಿನ 12 ತಿಂಗಳದ್ದು. ವರ್ಷಕ್ಕೆ 150 ಸಾಮಾನು ಮಾರೋರಿಗೆ ಒಂದೇ ಒಂದು ಕೇಸ್ ಆದ್ರೂ 0.67 ಪರ್ಸೆಂಟ್ ಆಗಿಹೋಯ್ತು. ಕನಿಷ್ಠ ಎರಡು ಕೇಸ್ ಇದ್ರೆ ಮಾತ್ರ ಲೆವೆಲ್ ಇಳಿಸ್ತಾರೆ ಅನ್ನೋದೊಂದೇ ಸಮಾಧಾನ. ಶೇಖರನಿಗೆ ಅದೇ ವರ್ಷ ಕಳೆದುಹೋದ ಪಾರ್ಸೆಲ್ ಒಂದರಿಂದ ಎರಡನೇದೂ ಬಂತು. ಲೆವೆಲ್ ಕೆಳಗೆ ಬಿತ್ತು, ಹುಡುಕಿದಾಗ ಅವನ ಸಾಮಾನು ಹಿಂದೆ ಹೋಯ್ತು, ಕಮಿಷನ್ ಜಾಸ್ತಿ ಆಯ್ತು. ಬರೀ ಒಂದು ಕೆಟ್ಟ ಫೀಡ್‌ಬ್ಯಾಕಿನಿಂದ ಇಷ್ಟೆಲ್ಲ ಆಗ್ತಿರಲಿಲ್ಲ. ಫೀಡ್‌ಬ್ಯಾಕಿನ ಅಂಕಿ ಬೇರೆ, ಲೆವೆಲ್ ಬೇರೆ. ಜನ ಮೊದಲನೇದಕ್ಕೆ ಹೆದರಿ ಎರಡನೇದನ್ನ ಕಳ್ಕೋತಾರೆ.

ಅದಕ್ಕೇ ಮತ್ತೆ ಹೇಳ್ತೀನಿ ಪುಟ್ಟಿ, ಹೊರಗಿಂದ ದುಡ್ಡು ಹಾಕಬೇಡ. ಅವನು ಎಷ್ಟು ನಯವಾಗಿ ಕೇಳಿದ್ರೂ ಬೇಡ, ಎಷ್ಟು ಹೆದರಿಸಿದ್ರೂ ಬೇಡ. ಸೈಟಿನ ಒಳಗಿಂದ ಪೂರ್ತಿ ರಿಫಂಡ್ ಕೊಟ್ರೆ ನಿನ್ನ ಹತ್ರ ಹಿಡ್ಕೊಂಡ ಕಮಿಷನ್ನಲ್ಲಿ ಹೆಚ್ಚಿನ ಪಾಲು ವಾಪಸ್ ಬರುತ್ತೆ. ಹೊರಗಿಂದ ಕೊಟ್ರೆ ಅದೂ ಬರಲ್ಲ.

ಇನ್ನೊಂದು ಮಾತು, ಮನಸ್ಸಲ್ಲಿ ಇಟ್ಕೊಂಡು ಸಾಕಾಗಿದೆ. ಈ ಗ್ರೂಪಲ್ಲಿ ಎಷ್ಟು ಸಲ ಹೇಳಿದೀನಿ, ಹಳೇ ಲೆನ್ಸ್ ಮಾರೋವಾಗ ಬರೀ "ಚೆನ್ನಾಗಿದೆ" ಅಂತ ಬರೀಬೇಡಿ ಅಂತ. ಡಯಾಫ್ರಾಮ್ ಪೂರ್ತಿ ಅಗಲ ಮಾಡಿ, ಹಿಂದಿನಿಂದ ಟಾರ್ಚ್ ಹಾಕಿ, ಮುಂದಿನಿಂದ ಓರೆಯಾಗಿ ಫೋಟೋ ತೆಗೀರಿ. ಧೂಳಾದ್ರೆ ಬಿಡಿಬಿಡಿ ಚುಕ್ಕೆ ಕಾಣುತ್ತೆ. ಫಂಗಸ್ ಆದ್ರೆ ಜೇಡರ ಬಲೆ ಥರ ಎಳೆ ಎಳೆಯಾಗಿ, ಹೆಚ್ಚಾಗಿ ಅಂಚಿನಿಂದ ಒಳಗೆ ಹಬ್ಬಿರುತ್ತೆ. ಧೂಳಿದ್ರೆ ಧೂಳಿದೆ ಅಂತ ಬರೀರಿ, ಸೀರಿಯಲ್ ನಂಬರ್ ಕಾಣೋ ಫೋಟೋ ಒಂದು ಹಾಕಿ. ಎಲ್ಲರೂ ಹೆಬ್ಬೆರಳು ಒತ್ತಿ ಸುಮ್ಮನಾದ್ರಿ, ಪೂರ್ತಿಯಾಗಿ ಮಾಡಿದವರು ಯಾರೂ ಇಲ್ಲ. ಮಂಜು, ನಿನಗೂ ಹೇಳ್ತಿದೀನಿ, ಈ ಲೆನ್ಸಿನ ವಿವರಣೆ ಬರೆದುಕೊಟ್ಟಿದ್ದು ನೀನೇ ಅಲ್ವಾ? ಮನೇಲಿ ಕೂತು ಒಂದು ಸಾಲು ಬರೆದು ಬಿಟ್ರೆ ತೊಂದರೆ ಅನುಭವಿಸೋಳು ಈ ಹುಡುಗಿ. ನನಗೆ ನಿಜವಾಗಿ ಬೇಜಾರಾಗುತ್ತೆ. ತಗೊಂಡವರು ನಮಗೆ ಎಂಥ ಫೀಡ್‌ಬ್ಯಾಕ್ ಬೇಕಾದ್ರೂ ಬರೀಬಹುದು, ನಾವು ಅವರಿಗೆ ಒಳ್ಳೇದು ಬಿಟ್ಟು ಬೇರೆ ಬರೆಯೋ ಹಾಗಿಲ್ಲ, 2008ರಿಂದ ಹೀಗೇ ಇದೆ. ಹೀಗಿರೋವಾಗ ನಮ್ಮ ಕೈಯಲ್ಲಿ ಉಳಿಯೋದು ನಾವು ಬರೆದ ವಿವರಣೆ, ನಾವು ತೆಗೆದ ಫೋಟೋ, ಇವೆರಡೇ. ಅದನ್ನೂ ನೀವು ಸರಿಯಾಗಿ ಮಾಡಲ್ಲ ಅಂದ್ರೆ ಹೇಗೆ?

ಅಯ್ಯೋ, ವೀಣಾಗೆ ಏನು ಮಾಡಬೇಕು ಅನ್ನೋದನ್ನೇ ಹೇಳಲಿಲ್ಲ ನಾನು. ಇವತ್ತೇ ಕೂತು ಮಾಡು, ನಾಳೆಗೆ ಬಿಡಬೇಡ.

ಮೊದಲು ಅವನ ಆ ಮೆಸೇಜ್ ಈಬೇ ಒಳಗೇ ಬಂದಿದೆಯಾ ಅಥವಾ ಫೋನಿಗೆ ಬಂದಿದೆಯಾ ನೋಡು. ಒಳಗೇ ಬಂದಿದ್ರೆ ನಿನಗೆ ಒಳ್ಳೇದಾಯ್ತು. ಫೀಡ್‌ಬ್ಯಾಕ್ ತೋರಿಸಿ ಹೆದರಿಸಿ, ಮಾರಾಟದಲ್ಲಿ ಇಲ್ಲದ್ದನ್ನ ಕೇಳೋದು ಅವರ ನಿಯಮಕ್ಕೆ ವಿರುದ್ಧ. ಆ ಮೆಸೇಜ್ ಇಟ್ಕೊಂಡು Report a buyer ಅನ್ನೋದರಲ್ಲಿ ದೂರು ಕೊಡು. ಮುಂದೆ ಅವನು ಕೆಟ್ಟದಾಗಿ ಬರೆದ್ರೂ ತೆಗೆಸೋಕೆ ಕೇಳಬಹುದು, ಸಾಕ್ಷಿ ಅಲ್ಲೇ ಇರುತ್ತೆ. ಫೋನಿಗೆ ಬಂದಿದ್ರೆ ಅಲ್ಲಿ ಉತ್ತರ ಕೊಡಬೇಡ. ನೀವು ಫೋನಿನಲ್ಲಿ ಕೇಳಿದ್ದಕ್ಕೆ ಇಲ್ಲಿ ಉತ್ತರ ಬರೀತಿದೀನಿ ಅಂತ ಈಬೇ ಮೆಸೇಜಲ್ಲೇ ಶುರು ಮಾಡು.

ಉತ್ತರ ನಾಲ್ಕು ಸಾಲು ಸಾಕು. ಹೀಗೆ ಬರಿ: ನಿಮಗೆ ತೊಂದರೆ ಆಗಿದ್ದಕ್ಕೆ ವಿಷಾದವಿದೆ. ಹಿಂದಿನಿಂದ ಟಾರ್ಚ್ ಹಾಕಿ ತೆಗೆದ ಫೋಟೋ ಒಂದು, ಸೀರಿಯಲ್ ನಂಬರ್ ಕಾಣೋ ಫೋಟೋ ಒಂದು ಕಳಿಸಿ. ಲೆನ್ಸ್ ಬೇಡವಾದ್ರೆ ಆರ್ಡರ್ ಒಳಗಿಂದ ರಿಟರ್ನ್ ರಿಕ್ವೆಸ್ಟ್ ಹಾಕಿ, ಕಳಿಸೋ ಖರ್ಚು ನಾನೇ ಕೊಡ್ತೀನಿ, ಲೆನ್ಸ್ ಕೈ ಸೇರಿದ ಮೇಲೆ ಪೂರ್ತಿ ದುಡ್ಡು ವಾಪಸ್ ಮಾಡ್ತೀನಿ. ಈಬೇ ಹೊರಗೆ ದುಡ್ಡು ಕಳಿಸೋಕೆ ಆಗಲ್ಲ. ಇಷ್ಟೇ. ನೀನು ಸುಳ್ಳು ಹೇಳ್ತಿದೀಯ, ನಿನ್ನ ಮೇಲೆ ದೂರು ಕೊಟ್ಟಿದೀನಿ ಅಂತ ಒಂದಕ್ಷರವೂ ಬೇಡ. ಮುಂದೆ ಇದನ್ನ ಓದೋದು ಅವನೊಬ್ಬನೇ ಅಲ್ಲ, ತೀರ್ಮಾನ ಮಾಡೋರೂ ಓದ್ತಾರೆ.

ಇಷ್ಟಕ್ಕೇ ಅವನು ಸುಮ್ಮನಾದ್ರೂ ಆಗಬಹುದು, ಯಾಕಂದ್ರೆ ಲೆನ್ಸ್ ಇಟ್ಕೊಂಡು ಅರ್ಧ ಬೆಲೆ ಉಳಿಸೋದೇ ಕೆಲವರ ಉದ್ದೇಶ. ಸುಮ್ಮನಾದ ಅಂತ ನೀನು ಮರೀಬೇಡ, ಪಾರ್ಸೆಲ್ ತಲುಪಿ 30 ದಿನ ಆಗೋವರೆಗೂ ಅವನು ರಿಕ್ವೆಸ್ಟ್ ಹಾಕಬಹುದು. ಹಾಕಿದ್ರೆ ಅವತ್ತೇ ಒಪ್ಕೋ. ವಿವರಣೆಯ ಹಾಗಿಲ್ಲ ಅಂದಾಗ, ನಾನು ರಿಟರ್ನ್ ತಗೊಳ್ಳಲ್ಲ ಅಂತ ಬರೆದಿದ್ದೀನಲ್ಲ ಅನ್ನೋ ಮಾತು ನಡೆಯಲ್ಲ. ವಾಪಸ್ ಕಳಿಸೋ ಖರ್ಚೂ ನಿನ್ನದೇ. ಅದು ನಷ್ಟವೇ, ಆದ್ರೆ ಲೆನ್ಸ್ ನಿನ್ನ ಕೈಗೆ ಬರುತ್ತೆ, ಸರಿಯಾಗಿ ಬರೆದು ಇನ್ನೊಮ್ಮೆ ಮಾರಬಹುದು. ಇಂಥ ದೂರು ಎಷ್ಟು ಬಂತು ಅಂತ, ಇದೇ ಬಗೆಯ ಸಾಮಾನು ಮಾರೋ ಬೇರೆಯವರ ಜೊತೆ ಹೋಲಿಸಿ ನೋಡೋ ಲೆಕ್ಕ ಬೇರೆ ಒಂದಿದೆ. ಮೇಲಿಂದ ಮೇಲೆ ಬಂದ್ರೆ ಅದು ಏರುತ್ತೆ, ಇದೊಂದಕ್ಕೆ ಯೋಚನೆ ಬೇಡ.

ಫೋಟೋ ನೋಡಿ ಅವನ ಮಾತಲ್ಲಿ ಸ್ವಲ್ಪ ನಿಜ ಇದೆ, ಆದ್ರೆ ಅದು ಬರೀ ಧೂಳು ಅಂತ ಅನಿಸಿದ್ರೆ, ರಿಕ್ವೆಸ್ಟ್ ಒಳಗೇ ಸ್ವಲ್ಪ ಭಾಗ ರಿಫಂಡ್ ಕೊಡೋ ಆಯ್ಕೆ ಇರುತ್ತೆ. ಕ್ಲೀನ್ ಮಾಡಿಸೋ ಖರ್ಚಿನಷ್ಟು ಅಲ್ಲಿಂದ ಕೊಡಬಹುದು, ದಾಖಲೆ ಆಗುತ್ತೆ. ಅವನು ಒಪ್ಪದಿದ್ರೆ ರಿಟರ್ನ್ ತಗೋ, ಚೌಕಾಶಿ ಮಾಡ್ತಾ ಕೂತು 3 ದಿನ ಕಳೀಬೇಡ.

ಪಾರ್ಸೆಲ್ ವಾಪಸ್ ಬಂದಾಗ ಒಬ್ಬಳೇ ಒಡೀಬೇಡ, ಮಂಜು ವಿಡಿಯೋ ತೆಗೀಲಿ. ಡಬ್ಬಿಯ ಮೇಲಿನ ಲೇಬಲ್‌ನಿಂದ ಶುರು ಮಾಡಿ, ನಿಲ್ಲಿಸದೆ ಸೀರಿಯಲ್ ನಂಬರ್ ಕಾಣೋವರೆಗೂ ತೆಗೀಬೇಕು. ನಂಬರ್ ನಿನ್ನ ಹಳೇ ಫೋಟೋ ಜೊತೆ ಸರಿ ಇದ್ರೆ, ಬಂದ ದಿನದಿಂದ 2 ಕೆಲಸದ ದಿನದೊಳಗೆ ಆ ರಿಟರ್ನ್ ರಿಕ್ವೆಸ್ಟ್ ಒಳಗಿಂದಲೇ ರಿಫಂಡ್ ಒತ್ತು. ಬೇರೆ ಲೆನ್ಸ್ ಬಂದಿದ್ರೆ ಒತ್ತಬೇಡ, ಅದೇ 2 ದಿನದೊಳಗೆ ಎರಡೂ ನಂಬರಿನ ಫೋಟೋ ಹಾಕಿ ಅಲ್ಲೇ ತೊಂದರೆ ಇದೆ ಅಂತ ತಿಳಿಸು. ಆಮೇಲೂ ಕೇಸ್ ನಿನ್ನ ವಿರುದ್ಧ ಮುಗಿದ್ರೆ ಅಪೀಲ್ ಮಾಡೋಕೆ 30 ದಿನ ಇರುತ್ತೆ, ಆಗ ನನಗೆ ಫೋನ್ ಮಾಡು, ಕೂತು ಬರೆಯೋಣ. ಈಗ ಆ ನಾಲ್ಕು ಸಾಲು ಬರೆದು, ಕಳಿಸೋಕೆ ಮುಂಚೆ ನನಗೆ ಒಂದು ಸಲ ತೋರಿಸು.