ದರ ಒಂದೇ ಆದರೂ ಬಡ್ಡಿ ಬೇರೆಯಾ? ಅನುಭವ ಇದ್ದವರು ಹೇಳಿ

ಪ್ರಶ್ನೆ (ಬಿಜೈ, ಮಂಗಳೂರು): ನನಗೆ 24 ವರ್ಷ. ಅಪ್ಪ ನನ್ನ ಹೆಸರಲ್ಲಿ 1 ಲಕ್ಷದ ಎಫ್‌ಡಿ ಇಟ್ಟಿದ್ದಾರೆ, 7% ಬಡ್ಡಿ. ಮೂರು ತಿಂಗಳಿಗೊಮ್ಮೆ ಬಡ್ಡಿ ಖಾತೆಗೆ ಬರುತ್ತದೆ. "ನಿನಗೆ ಸಿಗುವುದು ಚಕ್ರಬಡ್ಡಿ ಅಲ್ಲ" ಅಂತ ಆಫೀಸಲ್ಲಿ ಒಬ್ಬರು ಹೇಳಿದರು. ದರ ಒಂದೇ ಅಲ್ವಾ? ಇನ್ನೊಂದು, ತಿಂಗಳಿಗೆ 1,000 ಉಳಿಸಬಹುದು. ಹತ್ತು ವರ್ಷ ಬಿಟ್ಟು ಶುರು ಮಾಡಿದರೆ ಆಗದಾ?

ಕುಳಾಯಿಯಿಂದ: ಬ್ಯಾಂಕಿನ ಎಫ್‌ಡಿ ಅಂದ್ರೆ ಚಕ್ರಬಡ್ಡಿಯೇ ಮಾರಾಯ್ರೆ. ಸುಮ್ನೆ ತಲೆಬಿಸಿ ಬೇಡ. ಏಳು ವರ್ಷಕ್ಕೆ ಡಬಲ್ ಆಗುತ್ತದೆ.

ಕಡಿಯಾಳಿ, ಉಡುಪಿ (ಬ್ಯಾಂಕಿನಿಂದ ನಿವೃತ್ತ): ಕುಳಾಯಿಯವರು ಹೇಳಿದ್ದು ಅರ್ಧ ಸರಿ. ಬಡ್ಡಿಯನ್ನು ಅಸಲಿನ ಜೊತೆಯಲ್ಲೇ ಬಿಟ್ಟರೆ ಮಾತ್ರ ಚಕ್ರಬಡ್ಡಿ. ನಿಮ್ಮದರಲ್ಲಿ ಮೂರು ತಿಂಗಳಿಗೆ 1,750 ಹೊರಗೆ ಬಂದುಬಿಡುತ್ತದೆ. ಒಳಗೆ ಉಳಿಯುವುದು ಯಾವಾಗಲೂ ಅದೇ 1 ಲಕ್ಷ. ಬಂದದ್ದು ಖರ್ಚಾದರೆ ಅದು ಸರಳ ಬಡ್ಡಿಯೇ ಆಯಿತು.

ರಸೀದಿ ತೆಗೆದು ಮೆಚ್ಯೂರಿಟಿ ಮೊತ್ತ ನೋಡಿ. ಐದು ವರ್ಷಕ್ಕೆ ಇಟ್ಟದ್ದಾದರೆ, ಮೂರು ತಿಂಗಳಿಗೊಮ್ಮೆ ಬಡ್ಡಿ ಅಸಲಿಗೆ ಸೇರುವ ಎಫ್‌ಡಿಯಲ್ಲಿ ಅಲ್ಲಿ ಸುಮಾರು 1,41,478 ಇರಬೇಕು. 1,35,000 ಇದ್ದರೆ ಸರಳ ಬಡ್ಡಿ ಲೆಕ್ಕ. ಬರೀ 1,00,000 ಇದ್ದರೆ ಬಡ್ಡಿ ಆಗಾಗ ಹೊರಗೆ ಹೋಗುತ್ತಿದೆ.

ಐದು ವರ್ಷಕ್ಕೆ ಆರು ಸಾವಿರ ಚಿಲ್ಲರೆ ವ್ಯತ್ಯಾಸ, ಇಷ್ಟೇನಾ ಅನ್ನಿಸುತ್ತದೆ. ಅಲ್ಲೇ ಜನ ಮೋಸ ಹೋಗುವುದು. ವರ್ಷಕ್ಕೊಮ್ಮೆ ಬಡ್ಡಿ ಸೇರುತ್ತದೆ ಅಂತ ಹಿಡಿದರೂ, 10 ವರ್ಷದಲ್ಲಿ ಸರಳ ಬಡ್ಡಿಯಿಂದ 1.7 ಲಕ್ಷ, ಚಕ್ರಬಡ್ಡಿಯಿಂದ 1.97 ಲಕ್ಷ. 30 ವರ್ಷಕ್ಕೆ 3.1 ಲಕ್ಷ ಎಲ್ಲಿ, 7.6 ಲಕ್ಷ ಎಲ್ಲಿ! ಡಬಲ್ ಆಗಲು ಎಷ್ಟು ವರ್ಷ ಅಂತ ತಿಳಿಯಲು 72ನ್ನು ದರದಿಂದ ಭಾಗಿಸಿ. 7%ಕ್ಕೆ ಹತ್ತು ವರ್ಷಕ್ಕಿಂತ ಸ್ವಲ್ಪ ಜಾಸ್ತಿ, ಏಳಲ್ಲ.

ಮಲ್ಪೆಯಿಂದ: ಬಡ್ಡಿ ಸಹವಾಸವೇ ಬೇಡ. ನಾನು ಬಲೆಗೆ ಅಂತ ಕೈಸಾಲ ಮಾಡಿದ್ದೆ, ತಿಂಗಳಿಗೆ ನೂರಕ್ಕೆ ಎರಡು. ಮಳೆಗಾಲದಲ್ಲಿ ಬಡ್ಡಿ ಕಟ್ಟಲು ಆಗಲಿಲ್ಲ. ಅದನ್ನೂ ಅಸಲಿಗೆ ಸೇರಿಸಿ ಅದರ ಮೇಲೆ ಮತ್ತೆ ಬಡ್ಡಿ ಹಾಕಿದರು.

ಕಡಿಯಾಳಿ: ಅವರು ಕೇಳಿದ್ದು ಸಾಲದ ಬಗ್ಗೆ ಅಲ್ಲ. ಆದರೂ ನಿಮಗೆ ಸಾಲ ಕೊಟ್ಟವರಿಗೆ ಸಿಕ್ಕಿದ್ದು ಇದೇ ಚಕ್ರಬಡ್ಡಿ. ವರ್ಷವಿಡೀ ಹಾಗೆ ಸೇರಿಸಿದರೆ 24% ಅಂದದ್ದು 26.8% ಆಗುತ್ತದೆ.

ಶಂಕರಪುರದಿಂದ: ನಮ್ಮಮ್ಮ ಮಲ್ಲಿಗೆ ಕಟ್ಟಿ ಬಂದ ದುಡ್ಡಲ್ಲಿ ಪಿಗ್ಮಿ ಕಟ್ಟುತ್ತಿದ್ದರು. ಸಂಜೆ ಏಜೆಂಟ್ ಬಂದು ಅಂಗಳದಲ್ಲಿ ನಿಂತರೆ ಸೆರಗಿನ ಗಂಟು ಬಿಚ್ಚಿ ಹತ್ತು ರೂಪಾಯಿ ಕೊಡುವುದು, ಇಪ್ಪತ್ತು ವರ್ಷ ತಪ್ಪಿಸಲಿಲ್ಲ. 1928ರಲ್ಲಿ ಸಿಂಡಿಕೇಟ್ ಬ್ಯಾಂಕ್ ಪಿಗ್ಮಿ ಶುರು ಮಾಡಿದ್ದು ಇದೇ ಉಡುಪಿಯಲ್ಲಿ. ಹಾಗಾಗಿ ನಮ್ಮವರಿಗೆ ಉಳಿಸುವುದನ್ನು ಯಾರೂ ಕಲಿಸಬೇಕಿಲ್ಲ. ಆದರೆ ಅವಧಿ ಮುಗಿದಾಗಲೆಲ್ಲ ಒಂದು ಖರ್ಚು ಕಾದಿರುತ್ತಿತ್ತು. ಒಮ್ಮೆ ಹಂಚು, ಒಮ್ಮೆ ಅಕ್ಕನ ಮದುವೆ, ಒಮ್ಮೆ ಬಾವಿ. ಪ್ರತಿಸಲ ಸೊನ್ನೆಯಿಂದ ಶುರು. ಇಪ್ಪತ್ತು ವರ್ಷ ಉಳಿಸಿದರೂ ಬಡ್ಡಿಗೆ ಬಡ್ಡಿ ಹುಟ್ಟುವಷ್ಟು ಪುರುಸೊತ್ತು ಆ ದುಡ್ಡಿಗೆ ಸಿಗಲೇ ಇಲ್ಲ. ಅಮ್ಮನದ್ದು ತಪ್ಪು ಅನ್ನುತ್ತಿಲ್ಲ, ಬಾವಿ ಬೇಕೇ ಇತ್ತು.

ಕಡಿಯಾಳಿ: ಇವರು ಹೇಳಿದ್ದೇ ಎರಡನೇ ಪ್ರಶ್ನೆಗೂ ಉತ್ತರ. ಲೆಕ್ಕ ನೋಡಿ. ನೀವು ಈಗಿನಿಂದ ಪ್ರತಿ ವರ್ಷದ ಆರಂಭದಲ್ಲಿ 12,000ದಂತೆ ಹತ್ತೇ ವರ್ಷ ಹಾಕಿ ನಿಲ್ಲಿಸುತ್ತೀರಿ, ಆಮೇಲೆ ಮುಟ್ಟುವುದಿಲ್ಲ. ನಿಮ್ಮ ಗೆಳತಿ 34ಕ್ಕೆ ಶುರು ಮಾಡಿ 60ರವರೆಗೆ, ಅಂದರೆ 26 ವರ್ಷ, ಅಷ್ಟೇ ಹಾಕುತ್ತಾಳೆ. ಇಬ್ಬರಿಗೂ 7%. ನೀವು ಹಾಕಿದ್ದು 1.2 ಲಕ್ಷ, 60ಕ್ಕೆ ಸುಮಾರು 10.3 ಲಕ್ಷ. ಅವಳು ಹಾಕಿದ್ದು 3.12 ಲಕ್ಷ, ಸಿಗುವುದು 8.8 ಲಕ್ಷ. ನಿಮ್ಮ ಹತ್ತು ವರ್ಷದ ಕೊನೆಗೆ ಇದ್ದದ್ದು ಬರೀ 1.77 ಲಕ್ಷ. ಉಳಿದದ್ದು ಸುಮ್ಮನೆ ಬಿಟ್ಟಿದ್ದಕ್ಕೆ ಬಂದದ್ದು.

ಸುರತ್ಕಲ್‌ನಿಂದ: ಸರ್, ತೆರಿಗೆ ಬಿಟ್ಟಿರಲ್ಲ? ಬಡ್ಡಿ ಕೈಗೆ ಬಾರದಿದ್ದರೂ ಎಫ್‌ಡಿಗೆ ವರ್ಷ ವರ್ಷ ತೆರಿಗೆ ಲೆಕ್ಕ ಉಂಟು. 20% ಕಟ್ಟುವವರಿಗೆ 7% ಅಂದರೆ ಉಳಿಯುವುದು 5.6%. ಆಗ ನಿಮ್ಮ 7.6 ಲಕ್ಷ 5.1ಕ್ಕೆ ಇಳಿಯುತ್ತದೆ. ಅದರ ಮೇಲೆ 30 ವರ್ಷ ಕಳೆದು ಬಂಗುಡೆ ರೇಟು ಎಷ್ಟಿರುತ್ತದೋ!

ಕಡಿಯಾಳಿ: ಒಪ್ಪಿದೆ. ಸರ್ಕಾರದ ಉಳಿತಾಯ ಯೋಜನೆ ಪಿಪಿಎಫ್‌ನ ಬಡ್ಡಿಗೆ ತೆರಿಗೆ ಇಲ್ಲ, ಆದರೆ 15 ವರ್ಷ ಕಟ್ಟಿಹಾಕುತ್ತದೆ. ಬೆಲೆ ಏರಿಕೆಗೆ ನನ್ನಲ್ಲೂ ಮದ್ದಿಲ್ಲ.

ಬಿಜೈ: ರಸೀದಿ ನೋಡಿದೆ. 1,00,000 ಅಂತಲೇ ಉಂಟು. ಬಂದ 1,750 ಎಲ್ಲಾ ಮನೆಯ ಕರೆಂಟ್ ಬಿಲ್ಲಿಗೆ ಹೋಗುತ್ತಿತ್ತಂತೆ. ಬದಲಾಯಿಸುವ ಅಂದರೆ ಅಪ್ಪ, "ಹಾಗಾದರೆ ಬಿಲ್ಲು ನೀನು ಕಟ್ಟು" ಅಂದರು.