ಅಪ್‌ಡೇಟ್: ಇಂಟರ್ನ್‌ಗೆ ಕೊನೆಯ ದಿನ ಬರೆದ ಮೆಸೇಜ್

ನಾನು ಕೇಳಿದ್ದು: "ಎರಡು ತಿಂಗಳು ನಮ್ಮ ಟೀಮಲ್ಲಿದ್ದ ಇಂಟರ್ನ್ ಶುಕ್ರವಾರ ಹೊರಡುತ್ತಿದ್ದಾಳೆ. 'ಚೆನ್ನಾಗಿ ಕೆಲಸ ಮಾಡಿದಿರಿ' ಅನ್ನೋದು ಬಿಟ್ಟು ಏನು ಬರೆಯಲಿ?"

ಕೊನೆಗೆ ಹೊಗಳಿಕೆಯನ್ನೆಲ್ಲ ಅಳಿಸಿ, ನಡೆದದ್ದನ್ನೇ ಬರೆದೆ:

"ಮೊದಲ ವಾರ ಎರಡು ಡೇಟಾ ಟೇಬಲ್ ಜಾಯಿನ್ ಮಾಡಿದಾಗ ಸಾಲುಗಳು ಡಬಲ್ ಆಗಿ ಮಾರಾಟದ ಮೊತ್ತ ಜಾಸ್ತಿ ಬಂದಿತ್ತು. ನಾನು ಹೇಳುವವರೆಗೆ ನಿಮಗೆ ಗೊತ್ತಾಗಲಿಲ್ಲ. ಕಳೆದ ವಾರ ಜಾಯಿನ್‌ಗೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಸಾಲು ಎಣಿಸಿ, ಅದೇ ತಪ್ಪನ್ನು ನನ್ನ ಕ್ವೆರಿಯಲ್ಲೇ ಹಿಡಿದಿರಿ."

ಸ್ವಲ್ಪ ನಾಚಿಕೆ ಆಯ್ತು, ಸುಳ್ಳು ಯಾಕೆ!

ನಮ್ಮ ಎಚ್‌ಆರ್ ಪತ್ರದಲ್ಲಿ ಬರೀ ತಾರೀಖು, ಹುದ್ದೆ ಇರುತ್ತದೆ. ಹಾಗಾಗಿ ನನ್ನ ಮೆಸೇಜ್‌ನಲ್ಲಿ ಇದನ್ನೂ ಸೇರಿಸಿದೆ: "ರೆಫರೆನ್ಸ್‌ಗೆ ನನ್ನ ಹೆಸರು ಕೊಡಿ. ಕೊಡುವ ಮೊದಲು ಆ ಕೆಲಸದ ವಿವರ ಕಳಿಸಿ. ಫೋನ್ ಬಂದರೆ ಈ ಕಥೆಯನ್ನೇ ಹೇಳುತ್ತೇನೆ."

ಉತ್ತರ ಬಂತು: "ಸರ್, ಸಾಲು ಎಣಿಸೋದು ನೀವೇ ಕಲಿಸಿದ್ದು ಅಲ್ವಾ?"